ಬಿಪಿ ಮಾತ್ರೆ ಸಿಗದಿದ್ದಾಗ ಬದಲಿ ತಗೊಳ್ಳುವ ಮುನ್ನ

"ಮೆಡಿಕಲ್ ಶಾಪಿನಲ್ಲಿ 'ಮೆಟೊಪ್ರೊಲಾಲ್ ಸಕ್ಸಿನೇಟ್ ಸ್ಟಾಕ್ ಇಲ್ಲ, ಬದಲಿಗೆ ಡಾಕ್ಟರನ್ನು ಕೇಳಿ' ಅಂತ ಬೋರ್ಡ್ ಹಾಕಿದ್ದಾರೆ. ಟಾರ್ಟ್ರೇಟ್ ಇದೆಯಂತೆ. ಅದೂ ಮೆಟೊಪ್ರೊಲಾಲ್ 50 ಅಲ್ವಾ, ತಗೊಂಡರೆ ಏನು?"

ಔಷಧ ಒಂದೇ, ಆದರೆ ಬಿಡುಗಡೆಯಾಗುವ ರೀತಿ ಬೇರೆ. ಸಕ್ಸಿನೇಟ್ ಮಾತ್ರೆ ದಿನವಿಡೀ ನಿಧಾನವಾಗಿ ಕರಗುತ್ತದೆ, ಹಾಗಾಗಿ ದಿನಕ್ಕೆ ಒಂದು ಸಾಕು. ಸಾಮಾನ್ಯ ಟಾರ್ಟ್ರೇಟ್ ಬೇಗ ಕರಗುತ್ತದೆ, ಅದರ ಪ್ರಭಾವ ಬೇಗ ಇಳಿಯುತ್ತದೆ. ಅದನ್ನು ಹೆಚ್ಚಾಗಿ ದಿನಕ್ಕೆ ಎರಡು ಸಲ ಕೊಡುತ್ತಾರೆ.

ಈಗ ನೀವು ಬೆಳಿಗ್ಗೆ ಟಾರ್ಟ್ರೇಟ್ 50 ಒಂದನ್ನೇ ನುಂಗಿದಿರಿ ಅಂದುಕೊಳ್ಳಿ. ಮೊದಲ ಕೆಲವು ಗಂಟೆ ನಾಡಿ ಜಾಸ್ತಿ ನಿಧಾನವಾಗಿ ತಲೆ ಸುತ್ತಬಹುದು. ರಾತ್ರಿ ಹೊತ್ತಿಗೆ ಬಿಪಿ ಮತ್ತೆ ಏರಬಹುದು. ಹಾರ್ಟ್ ಫೇಲ್ಯೂರ್‌ಗಾಗಿ ಈ ಮಾತ್ರೆ ಕೊಟ್ಟಿದ್ದರಂತೂ ಟಾರ್ಟ್ರೇಟ್ ಅದರ ಜಾಗ ತುಂಬುವುದಿಲ್ಲ. ನಿಮಗೆ ಯಾವ ಕಾರಣಕ್ಕೆ ಕೊಟ್ಟಿದ್ದಾರೆ ಅನ್ನೋದು ಅಂಗಡಿಯವರಿಗೆ ಗೊತ್ತಿರುವುದಿಲ್ಲ.

ಸಿಗಲಿಲ್ಲ ಅಂತ ಸುಮ್ನೆ ಬಿಟ್ಟುಬಿಡಲೂಬೇಡಿ. ಇದನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು, ಕೆಲವೊಮ್ಮೆ ಹೃದಯಾಘಾತವೂ ಆಗಬಹುದು. ಆರೇಳು ಮಾತ್ರೆ ಉಳಿದಿರುವಾಗಲೇ ಡಾಕ್ಟರಿಗೆ ಫೋನ್ ಮಾಡಿ. ಸ್ಟ್ರಿಪ್ ಕೈಯಲ್ಲಿ ಹಿಡಿದು, ಹಿಂಬದಿಯ ಸಣ್ಣ ಅಕ್ಷರಗಳನ್ನು ಹಾಗೇ ಓದಿ ಹೇಳಿ.