ಬಾಯ್ಲರ್ ಗೇಜಿಗೆ ಲ್ಯಾಬ್ ಸ್ಕೋಪ್ ಓದುವುದು

ಪ್ರಶ್ನೆ: ದಾವಣಗೆರೆಯ ನಮ್ಮ ಅಕ್ಕಿ ಗಿರಣಿಯ ಬಾಯ್ಲರ್ ಗೇಜ್ 0–16 ಬಾರ್, ಕ್ಲಾಸ್ 1. ಇದರ ಕ್ಯಾಲಿಬ್ರೇಶನ್ ಒಂದು ಲ್ಯಾಬ್‌ನ ಕೈಲಾಗುತ್ತದೆಯೇ ಎಂದು ಅದರ ಎನ್‌ಎಬಿಎಲ್ ಸ್ಕೋಪ್, ಅಂದರೆ ಆ ಲ್ಯಾಬ್‌ಗೆ ಯಾವ ಯಾವ ಕೆಲಸಕ್ಕೆ ಮಾನ್ಯತೆ ಇದೆ ಎಂಬ ಪಟ್ಟಿ, ನೋಡಿ ತಿಳಿಯುವುದು ಹೇಗೆ?

ಪ್ರೆಶರ್ ಗೇಜ್ ಸಾಲಿನ ವ್ಯಾಪ್ತಿ 16 ಬಾರ್ ಮುಟ್ಟಬೇಕು, ಅದೇ ಸಾಲಿನ ಸಿಎಂಸಿ ಸುಮಾರು 0.04 ಬಾರ್ ಒಳಗಿರಬೇಕು.

ಸಿಎಂಸಿ ಎಂದರೆ ಒಳ್ಳೆಯ ಉಪಕರಣ ಕೊಟ್ಟಾಗ ಆ ಲ್ಯಾಬ್ ತಲುಪಬಲ್ಲ ಅತಿ ಕಡಿಮೆ ಅನಿಶ್ಚಿತತೆ. ನಿಮ್ಮ ಗೇಜಿಗೆ 16ರ ಶೇ 1, ಅಂದರೆ ±0.16 ಬಾರ್ ತಪ್ಪಿಗೆ ಅವಕಾಶವಿದೆ; 0.04 ಅದರ ಕಾಲು ಭಾಗ. ಸಿಎಂಸಿ 0.12 ಇದ್ದು ಗೇಜ್ 0.10 ತಪ್ಪು ತೋರಿಸಿದರೆ, ನಿಜವಾದ ತಪ್ಪು 0.22ರವರೆಗೂ ಇರಬಹುದು. ಪಾಸೋ ಫೇಲೋ ಹೇಳಲಾಗದು. ಮುಳ್ಳು ಓದುವಾಗಿನ ಅಂದಾಜೂ ಸೇರುವುದರಿಂದ ನಿಮ್ಮ ಸರ್ಟಿಫಿಕೇಟಿನ ಅನಿಶ್ಚಿತತೆ ಸಿಎಂಸಿಗಿಂತ ಹೆಚ್ಚೇ ಬರುತ್ತದೆ.

ಲ್ಯಾಬ್‌ನವರು ಗಿರಣಿಗೇ ಬಂದು ಮಾಡುವುದಾದರೆ ಸ್ಕೋಪಿನಲ್ಲಿ ಸೈಟ್ ಪಟ್ಟಿಯ ಸಾಲನ್ನೇ ನೋಡಿ. ಅಲ್ಲಿನ ಸಿಎಂಸಿ ಬೇರೆ ಇರಬಹುದು.