ತಾಯಿ ಕೊಡದೆ ಇಟ್ಟುಕೊಂಡಿದ್ದ ಪತ್ರ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಪತ್ರದ ಸಾಲುಗಳನ್ನು ತಾಯಿ, ಮಗಳು ಇಬ್ಬರ ಒಪ್ಪಿಗೆಯಿಂದ ಬಳಸಿದ್ದೇನೆ.)

ಸಲಹೆ ಕೇಳಲು ಬಂದ ಆ ತಾಯಿ ನನ್ನ ಮುಂದಿಟ್ಟದ್ದು ನಾಲ್ಕು ಪುಟಗಳ ಪತ್ರ. ಹದಿನೆಂಟು ವರ್ಷದ ಮಗಳಿಗೆ ಬರೆದದ್ದು. ಕೊಡಲು ಧೈರ್ಯ ಸಾಲದೆ ಮೂರು ವಾರ ಕೈಚೀಲದಲ್ಲೇ ಉಳಿದು, ಮಡಿಕೆಯ ಗೆರೆಗಳಲ್ಲಿ ಅಕ್ಷರಗಳು ಅಳಿಸತೊಡಗಿದ್ದವು. ಮಗಳು 800 ಮೀಟರ್ ಓಟಗಾರ್ತಿ. ಎಂಜಿನಿಯರಿಂಗ್ ಸೀಟು ಸಿಕ್ಕಿದೆ, ಸೇರುವುದಿಲ್ಲ ಎನ್ನುತ್ತಾಳೆ. "ಓದಿ ನೋಡಿ, ಕೊಡಬಹುದೋ ಬೇಡವೋ ಹೇಳಿ" ಎಂದರು.

"ಓಟ ಬಿಡು ಎಂದು ನಾನು ಹೇಳುತ್ತಿಲ್ಲ, ಮಗಳೇ. ಒಂದು ಬ್ಯಾಕಪ್ ಇರಲಿ ಎನ್ನುತ್ತಿದ್ದೇನೆ. ಕಾಲು ಕೈಕೊಟ್ಟ ದಿನ ಪದವಿಯಾದರೂ ನಿನ್ನನ್ನು ಹಿಡಿದುಕೊಳ್ಳುತ್ತದೆ. ಪ್ಯಾರಿಸ್‌ನಲ್ಲಿ 200 ಮೀಟರ್ ಚಿನ್ನ ಗೆದ್ದ ಗ್ಯಾಬಿ ಥಾಮಸ್ ಹಾರ್ವರ್ಡ್‌ನಲ್ಲಿ ಓದಿದವಳಲ್ಲವೇ? ಅವಳಿಗೆ ಆದದ್ದು ನಿನಗೇಕೆ ಆಗುವುದಿಲ್ಲ?"

ಕೆಟ್ಟ ಪತ್ರವೇನಲ್ಲ. ಕಾಲು ಕೈಕೊಡುವ ಮಾತನ್ನು ಓದಿ ನನಗೆ ನಗುವೂ ಬಂತು, ಪಾಪ, ಅವರು ಗಮನಿಸಿರಲಿಲ್ಲ. ಆದರೆ ನಾಲ್ಕು ಪುಟಗಳಲ್ಲಿ 'ಬ್ಯಾಕಪ್' ಹನ್ನೊಂದು ಸಲ ಬಂದಿತ್ತು. ಮಗಳು 800 ಮೀಟರನ್ನು ಎಷ್ಟು ಹೊತ್ತಿನಲ್ಲಿ ಓಡುತ್ತಾಳೆ ಎಂಬುದು ಒಂದು ಸಲವೂ ಇರಲಿಲ್ಲ. ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಅಪಾಯವನ್ನು ತೂಗಲು ಹೊರಟವರ ಬಳಿ ತಕ್ಕಡಿಯ ಒಂದೇ ತಟ್ಟೆ ಇತ್ತು. ಪತ್ರವನ್ನು ಸದ್ಯ ಕೊಡಬೇಡಿ, ಮಗಳು ಒಪ್ಪಿದರೆ ಕಳಿಸಿ ಎಂದೆ.

ಹುಡುಗಿ ತನ್ನ ತರಬೇತಿಯ ಡೈರಿಯೊಂದಿಗೆ ಬಂದಳು. ಹದಿನೈದನೇ ವಯಸ್ಸಿನಲ್ಲಿ 2 ನಿಮಿಷ 19 ಸೆಕೆಂಡ್. ಮರುವರ್ಷ 2:14, ಅದರ ಮರುವರ್ಷ 2:11. ಈ ವರ್ಷವೂ 2:11. ಪ್ಯಾರಿಸ್ ಒಲಿಂಪಿಕ್ಸ್‌ಗೆ ಮಹಿಳೆಯರ ನೇರ ಅರ್ಹತಾ ಸಮಯ 1:59.30 ಇತ್ತು. ಅಷ್ಟು ಹೊತ್ತಿನಲ್ಲಿ ಓಡುವವರು ಗೆರೆ ದಾಟುವ ಕ್ಷಣದಲ್ಲಿ ಇವಳಿಗೆ ಇನ್ನೂ ಎಪ್ಪತ್ತು ಮೀಟರ್ ಉಳಿದಿರುತ್ತದೆ. ಇದನ್ನು ನಾನು ಹೇಳುವ ಮೊದಲೇ ಅವಳೇ ಹೇಳಿದಳು, ಕಣ್ಣು ತಗ್ಗಿಸದೆ. ಕನಸು ಕಾಣುವ ಹುಡುಗಿ ಎಂದುಕೊಂಡಿದ್ದ ನನಗೆ ಲೆಕ್ಕ ಬಲ್ಲ ಹುಡುಗಿ ಸಿಕ್ಕಿದ್ದಳು.

ನನ್ನನ್ನು ತಡೆದದ್ದು ಆ ಸಮಯಗಳಲ್ಲ, ಅಂಚಿನ ಕೆಂಪು ಚುಕ್ಕಿಗಳು. ತಿಂಗಳಿಗೊಮ್ಮೆ ಬರುತ್ತಿದ್ದ ಚುಕ್ಕಿಗಳು ಐದು ತಿಂಗಳಿಂದ ಕಾಣಿಸಿರಲಿಲ್ಲ. ಅದೇ ಐದು ತಿಂಗಳಲ್ಲಿ 'ಎಡ ಮುಂಗಾಲು, ಅದೇ ಜಾಗ' ಎಂದು ಒಂಬತ್ತು ಕಡೆ ಬರೆದಿದ್ದಳು. ಮುಟ್ಟು ನಿಂತದ್ದನ್ನು ಕೇಳಿದಾಗ, "ಕಷ್ಟಪಟ್ಟು ತರಬೇತಿ ಮಾಡುವವರಿಗೆ ಹಾಗಾಗುತ್ತದೆ ಎಂದು ಹಿರಿಯ ಓಟಗಾರ್ತಿಯರು ಹೇಳಿದರು" ಎಂದಳು. ಮೈದಾನಗಳಲ್ಲಿ ಈ ಮಾತು ಎಷ್ಟು ಸಲೀಸಾಗಿ ಓಡಾಡುತ್ತದೆಂದು ನೆನೆದರೆ ಸಿಟ್ಟು ಬರುತ್ತದೆ. ಓಟಕ್ಕೆ ಬೇಕಾದಷ್ಟು ಊಟ ಸಿಗದಿದ್ದಾಗ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಮೊದಲು ಕೈಬಿಡುವ ಕೆಲಸಗಳಲ್ಲಿ ಮುಟ್ಟು ಒಂದು. ಈಸ್ಟ್ರೋಜನ್ ಕುಸಿದರೆ ಎಲುಬು ದುರ್ಬಲವಾಗುತ್ತದೆ, ನಿತ್ಯದ ಓಟದ ಪೆಟ್ಟಿಗೇ ಕೂದಲೆಳೆಯ ಬಿರುಕು ಬಿಡಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ಸ್ಥಿತಿಗೆ ಹೆಸರು ಕೊಟ್ಟು ಎಚ್ಚರಿಸಿದೆ. ಸ್ನಾಯುವಿನ ನೋವು ಉದ್ದಕ್ಕೂ ಹರಡಿರುತ್ತದೆ. ಎಲುಬಿನ ನೋವನ್ನು ಸಾಮಾನ್ಯವಾಗಿ ಒಂದೇ ಬೆರಳಿನಿಂದ ತೋರಿಸಬಹುದು. ಅವಳು ಒಂದೇ ಬೆರಳಿನಿಂದ ತೋರಿಸಿದಳು.

ರೋಗನಿರ್ಣಯ ನನ್ನ ಕೆಲಸವಲ್ಲ. ಆ ವಾರವೇ ಕ್ರೀಡಾ ವೈದ್ಯರನ್ನು ನೋಡಲು ಹೇಳಿ, ಸೀಟಿನ ಮಾತನ್ನು ಅಲ್ಲಿಗೇ ನಿಲ್ಲಿಸಿದೆ. ಅಮ್ಮನಿಗೆ ತಾನೇ ಹೇಳುವುದಾಗಿ ಅಂದಳು, ಹೇಳಿದಳು ಕೂಡ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆರಂಭದಲ್ಲಿ ಕಾಣದಿರುವುದೇ ಹೆಚ್ಚು. ಎಂಆರ್‌ಐಯಲ್ಲಿ ಬಿರುಕಿಗೆ ಮುಂಚಿನ ಹಂತ ಗೊತ್ತಾಯಿತು. ಹತ್ತು ವಾರ ಓಟ ನಿಂತಿತು, ಆಹಾರ ತಜ್ಞರ ಬಳಿಗೆ ಹೋಗತೊಡಗಿದಳು.

ಇಬ್ಬರನ್ನೂ ಒಟ್ಟಿಗೆ ಕೂರಿಸಿದ್ದು ಆಮೇಲೆ. ತಾಯಿ ಬಯಸಿದ ಬ್ಯಾಕಪ್ಪನ್ನು ಗಂಟೆಗಳಲ್ಲಿ ಬರೆಯಲು ಮಗಳಿಗೇ ಹೇಳಿದೆ. ತರಗತಿ ಮತ್ತು ಪ್ರಯೋಗಾಲಯ ಏಳು ಗಂಟೆ, ಹೋಗಿಬರಲು ಎರಡು, ಓದಿಗೆ ಮೂರು, ತರಬೇತಿಗೆ ಎರಡೂವರೆ, ನಿದ್ದೆ ಒಂಬತ್ತು. ಇಪ್ಪತ್ತಮೂರೂವರೆ. ಸ್ನಾನ, ಊಟ, ಉಸಿರಾಟಕ್ಕೆಲ್ಲ ಅರ್ಧ ಗಂಟೆ. ಹಾಜರಾತಿ ಕಡ್ಡಾಯವಾದ್ದರಿಂದ ತರಗತಿಯನ್ನು ಮೊಟಕು ಮಾಡುವಂತಿಲ್ಲ, ಓಟವನ್ನು ಅವಳು ಮೊಟಕು ಮಾಡುವುದಿಲ್ಲ. ಹಾಗಾದರೆ ಕತ್ತರಿ ಬೀಳುವುದು ನಿದ್ದೆಗೆ, ಊಟಕ್ಕೆ. ಆ ಎಲುಬಿಗೆ ಈಗಾಗಲೇ ಕೊರತೆಯಾಗಿದ್ದವಕ್ಕೇ. ಕಾಲು ಕೈಕೊಟ್ಟರೆ ಎಂದು ಆರಿಸಿದ ದಾರಿಯೇ ಕಾಲನ್ನು ಬೇಗ ಮುರಿಯುವಂತಿತ್ತು. ತಾಯಿ ಆ ಹಾಳೆಯನ್ನು ತುಂಬ ಹೊತ್ತು ನೋಡಿದರು. ಗ್ಯಾಬಿ ಥಾಮಸ್ ಓಡಿದ್ದು ಓದುತ್ತಿದ್ದ ವಿಶ್ವವಿದ್ಯಾಲಯದ ತಂಡದಲ್ಲೇ. ತರಗತಿಯಿಂದ ಮೈದಾನಕ್ಕೆ ಎರಡು ಗಂಟೆಯ ಪ್ರಯಾಣ ಇರಲಿಲ್ಲ.

ಮಗಳ ದಾರಿಯೂ ಸಲೀಸಾಗಿರಲಿಲ್ಲ. ಓಟವೊಂದೇ ಎಂದು ನಿಂತವರು ನೋವನ್ನು ಮುಚ್ಚಿಡುತ್ತಾರೆ, ಒಂದು ಋತು ತಪ್ಪಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬ ಭಯ. ಅವಳ ಡೈರಿಯ ಒಂಬತ್ತು ಟಿಪ್ಪಣಿಗಳು ತರಬೇತುದಾರರಿಗೂ ತಿಳಿದಿರಲಿಲ್ಲ. ಹಾಗಾಗಿ ಓಟದ ಜೊತೆಗೆ ಬೇರೆ ಏನಾದರೂ ಬೇಕಿತ್ತು. ಗಣಿತ ಅವಳಿಗೆ ಇಷ್ಟ, ಬೇಡವಾಗಿದ್ದು ಆ ವೇಳಾಪಟ್ಟಿ. ಪ್ರವೇಶವನ್ನು ಒಂದು ವರ್ಷ ಮುಂದೂಡಲು ಸಾಧ್ಯವೇ ಎಂದು ಕಾಲೇಜಿಗೆ ಬರೆಯಲು ಹೇಳಿದೆ, ಉತ್ತರ ಲಿಖಿತವಾಗಿಯೇ ಬೇಕೆಂದು ಒತ್ತಿ ಹೇಳಿದೆ. ಬಾಯಿಮಾತಿನ 'ನೋಡೋಣ'ವನ್ನು ನಂಬಿ ಸೀಟು ಕಳೆದುಕೊಂಡವರನ್ನು ಕಂಡಿದ್ದೇನೆ. ಇಲ್ಲ ಎಂಬ ಉತ್ತರ ಬಂತು. ಸೀಟು ಬಿಟ್ಟು, ದೂರಶಿಕ್ಷಣದಲ್ಲಿ ಗಣಿತ ಪದವಿಗೆ ಸೇರಿದಳು. ತಾಯಿಗೆ ಇದು ನುಂಗಲಾಗದ ತುತ್ತು. ಎಂಜಿನಿಯರಿಂಗ್‌ಗೆ ಇದು ಸಮವಲ್ಲ ಎಂದರು. ಸಮವಲ್ಲ, ನಾನೂ ಒಪ್ಪಿದೆ.

ನಿಲ್ಲಿಸುವುದು ಯಾವಾಗ ಎಂಬುದನ್ನು ಓಟ ಮತ್ತೆ ಶುರುವಾಗುವ ಮೊದಲೇ ಬರೆದಿಡಿ ಎಂದೆ. ಸೋತ ಸಂಜೆ ಆ ನಿರ್ಧಾರ ತೆಗೆದುಕೊಂಡರೆ ಅದು ಶಿಕ್ಷೆಯಂತೆ ಆಗುತ್ತದೆ. ತಾಯಿ ಪದಕವನ್ನು ಅಳತೆಯಾಗಿ ಇಡಲು ಹೋದರು. ಬೇಡವೆಂದೆ, ಪದಕ ಪಕ್ಕದ ಲೇನಿನಲ್ಲಿ ಯಾರಿದ್ದಾರೆ ಎಂಬುದರ ಮೇಲೂ ನಿಂತಿದೆ. ಹುಡುಗಿ ತಾನೇ ಬರೆದಳು: ಎರಡು ಪೂರ್ಣ ಋತುಗಳೊಳಗೆ 2:06. ಆಗದಿದ್ದರೆ ಓದು ಮೊದಲು, ಓಟ ಆಮೇಲೆ. ಅದರ ಕೆಳಗೆ, ಮುಟ್ಟು ಮೂರು ತಿಂಗಳು ತಪ್ಪಿದರೆ ಸಮಯ ಎಷ್ಟೇ ಚೆನ್ನಾಗಿದ್ದರೂ ಓಟ ನಿಲ್ಲಿಸಿ ವೈದ್ಯರ ಬಳಿಗೆ ಎಂಬ ಸಾಲನ್ನು ತಾಯಿ ಸೇರಿಸಿದರು.

ಹಳೆಯ ಪತ್ರ ಕೊನೆಗೂ ಕೈಚೀಲದಲ್ಲೇ ಉಳಿಯಿತು. ಹೊಸತು ಒಂದೇ ಪುಟ:

"ಆರು ತಿಂಗಳಿಗೊಮ್ಮೆ ಕೂತು ಲೆಕ್ಕ ನೋಡೋಣ. ಉಳಿದ ದಿನಗಳಲ್ಲಿ ನಾನು ಎಂಜಿನಿಯರಿಂಗ್ ಮಾತೆತ್ತುವುದಿಲ್ಲ, ನೀನು ನೋವು ಮುಚ್ಚಿಡಬೇಡ. ನನಗೆ ಭಯ ಹೋಗಿಲ್ಲ. ನಿನ್ನ ಸಮಯ 2:11 ಎಂದು ಈಗ ನನಗೆ ಗೊತ್ತು."

ಮೊದಲ ಲೆಕ್ಕ ಆಗಿದೆ. ಕೆಂಪು ಚುಕ್ಕಿಗಳು ಮರಳಿವೆ, ಮುಂಗಾಲಿನ ನೋವಿಲ್ಲ. ಸಮಯ 2:13. ತಾಯಿ ಫೋನ್ ಮಾಡಿ, ಹಿಂದೆ ಬಿದ್ದಳಲ್ಲ ಎಂದು ಕೇಳಿದರು. ಹತ್ತು ವಾರ ಓಡದವಳ ಮೊದಲ ಸ್ಪರ್ಧೆ ಅದು ಎಂದೆ. ಮಾತೆತ್ತುವುದಿಲ್ಲ ಎಂದಿದ್ದೀರಲ್ಲ, ಎಷ್ಟು ಸಲ ಎತ್ತಿದಿರಿ ಎಂದೂ ಕೇಳಿದೆ. ಎರಡು ಸಲ ಎಂದರು.