ಮನೆಗೂ ತೋಟಕ್ಕೂ ಒಂದೇ ಹೆಸರು

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಸೋಲಾರ್ ಪ್ಯಾನಲ್ ಕೂರಿಸುವ ಕಂಪನಿ ಶುರು ಮಾಡ್ತಿದ್ದೇನೆ. ಮನೆಯವರೂ ಅಡಿಕೆ ತೋಟದವರೂ ನಂಬುವಂಥ ಹೆಸರು ಬೇಕು. ‘ಕೃಷಿ ಸೌರ’, ‘ಪಿಎಂ ಸೂರ್ಯ ಸೋಲಾರ್’, ‘ದೊಂಬು ಸೋಲಾರ್’ ಮನಸ್ಸಲ್ಲಿವೆ. ನಮ್ಮ ಮನೆ ಹೆಸರು ಪದವು. ಯಾವುದು ಸರಿ ಸರ್?

ಉತ್ತರ: ‘ಪಿಎಂ ಸೂರ್ಯ’ವನ್ನು ಈಗಲೇ ಬಿಟ್ಟುಬಿಡಿ. ಇದು ಸರ್ಕಾರದ್ದೇ ಕಂಪನಿ ಅಂತ ಜನ ತಿಳಿಯುತ್ತಾರೆ. ಸರ್ಕಾರದ ಬೆಂಬಲ ಇದೆ ಅನ್ನಿಸುವ ಹೆಸರಿಟ್ಟು ವ್ಯಾಪಾರ ಮಾಡುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ತಡೆಯುತ್ತದೆ. ಅದಕ್ಕಿಂತ ಮುಖ್ಯ, ಸಬ್ಸಿಡಿ ತಡವಾದ ದಿನ ಜನ ಮೊದಲು ಬಯ್ಯುವುದು ನಿಮ್ಮನ್ನು.

‘ಕೃಷಿ ಸೌರ’ ಅಂದರೆ ಪಂಪ್‌ನವರು ಅಂತ ಮನೆಯವರು ದೂರ ಉಳಿಯುತ್ತಾರೆ. ‘ದೊಂಬು’ ಚಂದದ ತುಳು ಶಬ್ದ, ಬಿಸಿಲು ಅಂತ ಅರ್ಥ. ಆದರೆ ತುಳು ಬಾರದ ಕನ್ನಡಿಗ ಬೋರ್ಡ್ ನೋಡಿದಾಗ ‘ದೊಂಬಿ’ ನೆನಪಾಗುತ್ತದೆ. ಮಲಯಾಳಿಗಳಿಗೆ ಏನೂ ತಿಳಿಯುವುದಿಲ್ಲ.

ನಾನಾದರೆ ‘ಪದವು ಸೋಲಾರ್’ ಅಂತ ಇಡುತ್ತೇನೆ. ಪದವು ಅಂದರೆ ಮರದ ನೆರಳಿಲ್ಲದ ಎತ್ತರದ ಬಯಲು, ಪ್ಯಾನಲ್‌ಗೆ ಬೇಕಾದ ಜಾಗವೇ ಅದು. ಜೊತೆಗೆ ನಮ್ಮಲ್ಲಿ ಮನುಷ್ಯನನ್ನು ಗುರುತಿಸುವುದೇ ಮನೆ ಹೆಸರಿಂದ ಅಲ್ವಾ? ಪ್ಯಾನಲ್‌ಗೆ 25 ವರ್ಷದ ವಾರಂಟಿ ಅಂತ ಎಲ್ಲರೂ ಹೇಳ್ತಾರೆ. ಇನ್ವರ್ಟರ್ ಸಾಮಾನ್ಯವಾಗಿ ಅದಕ್ಕಿಂತ ಬೇಗ ಕೆಡುತ್ತದೆ. ಅವತ್ತು ಯಾರ ಅಂಗಳಕ್ಕೆ ಹೋಗಿ ಕೇಳಬೇಕು ಅನ್ನುವುದೇ ಗಿರಾಕಿಯ ನಿಜವಾದ ಚಿಂತೆ. ಮನೆ ಹೆಸರು ಅದಕ್ಕೆ ಉತ್ತರ ಕೊಡುತ್ತದೆ. ಹಾಗಾಗಿ ಈ ಹೆಸರಿಡುವ ಮೊದಲು ಮನೆಯ ಹಿರಿಯರನ್ನೂ ಕೇಳಿ, ಕೆಲಸ ಕೆಟ್ಟರೆ ಮಾತು ಅವರಿಗೂ ತಾಗುತ್ತದೆ.

ಮನೆ, ತೋಟ ಎರಡನ್ನೂ ಹೆಸರಿನೊಳಗೆ ತುರುಕಬೇಡಿ. ಕೆಳಗೆ ಸಣ್ಣ ಸಾಲಿನಲ್ಲಿ ‘ಮನೆ ತಾರಸಿಗೆ ಪ್ಯಾನಲ್, ತೋಟಕ್ಕೆ ಪಂಪ್’ ಅಂತ ಬರೆಸಿ, ಕನ್ನಡ, ಮಲಯಾಳ ಎರಡರಲ್ಲೂ.

ಒಂದು ಕಡೆ ಎಚ್ಚರ ಬೇಕು. ಬೋರ್ಡ್, ಜಿಎಸ್‌ಟಿ, ಬ್ಯಾಂಕ್ ಖಾತೆ, ಬಿಲ್, ಪಿಎಂ ಸೂರ್ಯ ಘರ್ ಪೋರ್ಟಲ್‌ನ ವೆಂಡರ್ ಪಟ್ಟಿ, ಎಲ್ಲದರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಸಬ್ಸಿಡಿಗೆ ಅರ್ಜಿ ಹಾಕುವ ಮನೆಯವರು ಆ ಪಟ್ಟಿಯಲ್ಲೇ ನಿಮ್ಮನ್ನು ಹುಡುಕುತ್ತಾರೆ. ಅಲ್ಲಿ ಬೇರೆ ಹೆಸರು ಕಂಡರೆ ಅಡ್ವಾನ್ಸ್ ಕೊಡುವ ಕೈ ಹಿಂದೆ ಹೋಗುತ್ತದೆ. ಇಂಗ್ಲಿಷ್ ಸ್ಪೆಲಿಂಗ್ ಇವತ್ತೇ ನಿರ್ಧರಿಸಿ.

ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ 37ನೇ ವರ್ಗದಲ್ಲಿ ಹುಡುಕಿ, ಅಳವಡಿಕೆ ಕೆಲಸ ಬರುವುದು ಅಲ್ಲಿ. ಪದವು ಅನ್ನುವ ಊರುಗಳು ನಮ್ಮಲ್ಲಿ ಸುಮಾರಿವೆ. ಹಾಗಾಗಿ ಬರೀ ಹೆಸರಿಗೆ ನೋಂದಣಿ ಸಿಗುವುದು ಕಷ್ಟ. ಒಂದು ಚಿತ್ರದ ಜೊತೆ ಅರ್ಜಿ ಹಾಕಿದರೆ ಸ್ವಲ್ಪ ಸುಲಭ.

ಬೋರ್ಡ್ ಬರೆಸುವ ಮೊದಲು ಕುಂಬಳೆಯ ಒಬ್ಬ ಕನ್ನಡದವರಿಗೆ, ಕಾಞಂಗಾಡಿನ ಒಬ್ಬ ಮಲಯಾಳಿಗೆ ಫೋನ್ ಮಾಡಿ ಹೆಸರು ಒಂದೇ ಸಲ ಹೇಳಿ. ಮರುದಿನ ಅದನ್ನು ಬರೆದು ಕಳಿಸಲು ಹೇಳಿ. ಇಬ್ಬರೂ ಸರಿಯಾಗಿ ಬರೆದರೆ ಪೇಂಟರನ್ನು ಕರೆಸಿ.